ವೀಳ್ಯದೆಲೆ ಎಣ್ಣೆಯ ದೊಡ್ಡ ಪೀಕ್: ಲೈಬ್ರರಿ ಯುಜೆನಾಲ್ ಅಂದ ಮಾತ್ರಕ್ಕೆ ಯುಜೆನಾಲ್ ಆಗುತ್ತದಾ?

ಪ್ರತೀಕ್ಷಾ_ಉಡುಪಿ

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟಿಗೆ ವೀಳ್ಯದೆಲೆಯ ಎಣ್ಣೆ ತೆಗೆದಿದ್ದೇನೆ. ಕಾರ್ಕಳದ ಹತ್ತಿರದ ಅಡಿಕೆ ತೋಟದ ಎಲೆ, ಕ್ಲೆವೆಂಜರ್‌ನಲ್ಲಿ ಬಟ್ಟಿ ಇಳಿಸಿದ್ದು. ಎಣ್ಣೆಯನ್ನು ಹೆಕ್ಸೇನ್‌ನಲ್ಲಿ ಹತ್ತು ಪಟ್ಟು ತೆಳು ಮಾಡಿ ಜಿಸಿ-ಎಂಎಸ್‌ಗೆ 1 ಮೈಕ್ರೋಲೀಟರ್ ಹಾಕಿದೆ, ಸ್ಪ್ಲಿಟ್ 1:20. ಕಾಲಮ್ HP-5MS, 30 ಮೀಟರ್. ಓವನ್ 60 ಡಿಗ್ರಿಯಿಂದ ಶುರು, ನಿಮಿಷಕ್ಕೆ 5 ಡಿಗ್ರಿ ಏರಿಕೆ.

17.93 ನಿಮಿಷಕ್ಕೆ ಒಂದು ಭಾರೀ ಪೀಕ್ ಉಂಟು. ಒಟ್ಟು ಏರಿಯಾದಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ. ಲೈಬ್ರರಿ ಸರ್ಚ್ ಹಾಕಿದಾಗ ಬಂದದ್ದು ಇದು:

```
Hit  Name                               Match  R.Match  Prob
1    Eugenol                            938    941      44.6
2    3-Allyl-6-methoxyphenol            931    936      33.1
3    Phenol, 2-methoxy-4-(1-propenyl)-  902    909       9.8
```

ಗೈಡ್ ಹೇಳುವುದು, ಮೊದಲ ಹಿಟ್ ಯುಜೆನಾಲ್, ಹಳೆಯ ಪೇಪರ್‌ಗಳಲ್ಲೂ ಅದೇ ಉಂಟು, ಟೇಬಲ್‌ಗೆ ಹಾಕಿ ಮುಂದೆ ಹೋಗು ಅಂತ. ಆದರೆ 938 ಮತ್ತು 931ರ ನಡುವೆ ಎಷ್ಟು ವ್ಯತ್ಯಾಸ ಉಂಟು ಅಂತ ನನಗೆ ಸಮಾಧಾನ ಆಗುತ್ತಿಲ್ಲ. ಬರೆಯಬಹುದಾ?

ಕರಾವಳಿ_ಟೆಸ್ಟಿಂಗ್

ಧಾರಾಳವಾಗಿ ಬರೆಯಿರಿ. 900 ದಾಟಿದರೆ ಎಕ್ಸಲೆಂಟ್ ಮ್ಯಾಚ್, 800ರಿಂದ 900 ಗುಡ್, 700ರ ಆಸುಪಾಸು ಬಂದರೆ ಮಾತ್ರ ಯೋಚನೆ ಮಾಡಬೇಕು. ನಾವು ದಿನಾ ಇದೇ ಲೆಕ್ಕದಲ್ಲಿ ರಿಪೋರ್ಟ್ ಕೊಡುವುದು.

ಒಂದು ಮಾತ್ರ ನೋಡಿಕೊಳ್ಳಿ. ಸ್ಪೆಕ್ಟ್ರಮ್ ತೆಗೆಯುವಾಗ ಪೀಕ್‌ನ ಪಕ್ಕದ ಬೇಸ್‌ಲೈನನ್ನು ಕಳೆದಿದ್ದೀರಾ? 207, 281 ಇಂಥ ಅಯಾನ್ ಕಾಣಿಸಿದರೆ ಅದು ಕಾಲಮ್ ಬ್ಲೀಡ್. ಅದನ್ನು ಕಳೆಯದೆ ಸರ್ಚ್ ಕೊಟ್ಟರೆ ಸಣ್ಣ ಪೀಕ್‌ಗಳ ಸ್ಕೋರ್ ಸುಮ್ಮನೆ ಬಿದ್ದುಹೋಗುತ್ತದೆ. ನಿಮ್ಮದು ದೊಡ್ಡ ಪೀಕ್, ಅದರಿಂದ ಹೆಚ್ಚು ತೊಂದರೆ ಆಗಿರಲಿಕ್ಕಿಲ್ಲ.

ತೋಟದಮನೆ_ಬೆಳ್ತಂಗಡಿ

ನಾನು ಕೆಮಿಸ್ಟ್ರಿ ಓದಿದವನಲ್ಲ, ಅಡಿಕೆ ಮರಕ್ಕೆ ವೀಳ್ಯದ ಬಳ್ಳಿ ಹಬ್ಬಿಸಿದವ. ಟೇಬಲ್‌ನಲ್ಲಿ 44.6 ಅಂತ ಉಂಟಲ್ಲ, ಅಂದರೆ ಎಲೆಯ ಎಣ್ಣೆಯಲ್ಲಿ ನೂರಕ್ಕೆ 44 ಯುಜೆನಾಲ್, 33 ಮತ್ತೊಂದು ಅಂತ ಅಲ್ವಾ? ಎರಡೂ ಇದ್ದರೆ ಎರಡನ್ನೂ ಬರೆದರಾಯಿತು. ಇಷ್ಟು ಯಾಕೆ ತಲೆಬಿಸಿ?

ಹಳೇ_ಅನಾಲಿಸ್ಟ್

ತೋಟದಮನೆಯವರೇ, ಅದು ಪ್ರಮಾಣ ಅಲ್ಲ. ಎಣ್ಣೆಯಲ್ಲಿ ಎಷ್ಟು ಉಂಟು ಅಂತ ಹೇಳುವುದು ಪೀಕ್‌ನ ಏರಿಯಾ, ಅದೂ ಅಂದಾಜಿಗೆ. `Prob` ಕಾಲಮ್‌ನ ಲೆಕ್ಕವೇ ಬೇರೆ. ಈ ವಸ್ತು ಲೈಬ್ರರಿಯೊಳಗೆ ಇದ್ದೇ ಇದೆ ಅಂತ ಮೊದಲೇ ಒಪ್ಪಿಕೊಂಡು, ಹಾಗಿದ್ದರೆ ಇವುಗಳಲ್ಲಿ ಯಾವುದು ಅಂತ ಅಂಕಗಳ ಅಂತರ ನೋಡಿ ಹಂಚಿದ ಪಾಲು ಅದು. 44.6 ಮತ್ತು 33.1 ಅಂತ ಹಂಚಿದೆ ಅಂದರೆ, ತನಗೆ ಇವೆರಡನ್ನು ಬೇರೆ ಮಾಡಲಿಕ್ಕೆ ಆಗುತ್ತಿಲ್ಲ ಅಂತ ಸಾಫ್ಟ್‌ವೇರೇ ಹೇಳುತ್ತಾ ಇದೆ. ಅದು ಪ್ರಾಮಾಣಿಕವಾಗಿಯೇ ಹೇಳಿದೆ, ನಾವು ಓದಿಕೊಳ್ಳಬೇಕು.

ಪ್ರತೀಕ್ಷಾ, ಆ ಎರಡನೇ ಹಿಟ್ ಯಾರು ಅಂತ ನೋಡಿದಿರಾ? 3-ಅಲೈಲ್-6-ಮೆಥಾಕ್ಸಿಫೀನಾಲ್ ಅಂದರೆ ಚಾವಿಬೆಟಾಲ್. ವೀಳ್ಯದೆಲೆಯದ್ದೇ ಫೀನಾಲ್ ಅದು. ಯುಜೆನಾಲ್‌ನಲ್ಲಿ ಇರುವ ಹೈಡ್ರಾಕ್ಸಿಲ್ ಮತ್ತು ಮೆಥಾಕ್ಸಿ ಇಲ್ಲಿ ಜಾಗ ಬದಲಾಯಿಸಿಕೊಂಡಿವೆ, ಅಷ್ಟೇ ವ್ಯತ್ಯಾಸ. ಎರಡೂ C10H12O2, ಎರಡರ ತೂಕವೂ 164. ಎಲೆಕ್ಟ್ರಾನ್ ಹೊಡೆದಾಗ ಎರಡೂ 164 ಅನ್ನೇ ಅತಿ ಎತ್ತರಕ್ಕೆ ಕೊಡುತ್ತವೆ, ಮೀಥೈಲ್ ಕಳೆದುಕೊಂಡು 149 ಕೊಡುತ್ತವೆ, ಆಮೇಲೆ 131, 103, 77 ಎಲ್ಲ ಅದೇ ಸಾಲು. ಎತ್ತರದಲ್ಲಿ ಸಣ್ಣ ಪುಟ್ಟ ವ್ಯತ್ಯಾಸ ಉಂಟು, ಆದರೆ ಒಂದು ಮೆಷಿನ್‌ನಿಂದ ಇನ್ನೊಂದಕ್ಕೆ ಬರುವ ವ್ಯತ್ಯಾಸ ಅದಕ್ಕಿಂತ ಕಮ್ಮಿ ಇಲ್ಲ. ಲೈಬ್ರರಿಯಲ್ಲಿ ಯುಜೆನಾಲ್‌ನದ್ದೇ ಬೇರೆ ಬೇರೆ ಕಡೆ ತೆಗೆದ ಸ್ಪೆಕ್ಟ್ರಮ್‌ಗಳು ಇರುತ್ತವೆ. ಅವನ್ನೇ ಒಂದರ ಮೇಲೊಂದು ಇಟ್ಟು ನೋಡಿ, ಪೂರ್ತಿ ಕೂಡಿಬರುವುದಿಲ್ಲ. ಹಾಗಿರುವಾಗ 7 ಅಂಕದ ಅಂತರಕ್ಕೆ ಎಂತ ಬೆಲೆ?

900 ದಾಟಿದ ಅಂಕದಿಂದ ಇಷ್ಟು ಗೊತ್ತಾಗುತ್ತದೆ: ಇದು ಅಲೈಲ್ ಅಥವಾ ಪ್ರೊಪೆನೈಲ್ ಇರುವ ಮೆಥಾಕ್ಸಿಫೀನಾಲ್. ಅಲ್ಲಿಯವರೆಗೆ ನಾನು ಕಣ್ಣುಮುಚ್ಚಿ ನಂಬುತ್ತೇನೆ. ಆ ಮನೆಯವರಲ್ಲಿ ಯಾರು ಅಂತ ಅಂಕ ಹೇಳುವುದಿಲ್ಲ. ಅದನ್ನು ಕಾಲಮ್ ಹೇಳಬೇಕು, ಅಂದರೆ ಪೀಕ್ ಬಂದ ಸಮಯ.

ಆಲ್ಕೇನ್ ಮಿಶ್ರಣ ಓಡಿಸಿದ್ದೀರಾ? ಮತ್ತೆ ಆ ಪೀಕ್‌ನ ಆಕಾರ ಹೇಗುಂಟು? 165ರ ಎತ್ತರ ಎಷ್ಟು ಬಂದಿದೆ?

ಪ್ರತೀಕ್ಷಾ_ಉಡುಪಿ

ಸರ್, ಆಲ್ಕೇನ್ ಅದೇ ದಿನ ಅದೇ ಮೆಥಡ್‌ನಲ್ಲಿ ಓಡಿಸಿದ್ದು ಉಂಟು. C13 ಬಂದದ್ದು 16.30ಕ್ಕೆ, C14 18.50ಕ್ಕೆ. ಪೀಕ್‌ನ ಎಡಬದಿ ಓರೆಯಾಗಿ ನಿಧಾನ ಏರಿ ಬಲಬದಿಯಲ್ಲಿ ದಢಕ್ಕನೆ ಇಳಿಯುತ್ತದೆ. 165 ನೋಡಿದೆ, 164ನ್ನು 100 ಅಂತ ಇಟ್ಟರೆ 19. ಅದನ್ನು ಯಾಕೆ ಕೇಳಿದ್ದು?

ಹಳೇ_ಅನಾಲಿಸ್ಟ್

ಹತ್ತು ಕಾರ್ಬನ್ ಇರುವ ಅಣುವಿನಲ್ಲಿ ಒಂದು ಕಾರ್ಬನ್-13 ಇರುವ ಸಾಧ್ಯತೆ ನೂರಕ್ಕೆ ಸುಮಾರು 11. ಹಾಗಾಗಿ 165 ಅನ್ನುವುದು 164ರ ನೂರಕ್ಕೆ 11ರ ಹತ್ತಿರ ಇರಬೇಕು. ನಿಮ್ಮದು 19. ಅಂದರೆ ಬಹುಶಃ 165 ಜಾಸ್ತಿ ಆದದ್ದಲ್ಲ, 164 ಡಿಟೆಕ್ಟರ್‌ನ ಮಿತಿಗೆ ತಾಗಿ ನಿಂತುಬಿಟ್ಟಿದೆ. ಅಷ್ಟು ಸ್ಯಾಂಪಲ್ ಸೋರ್ಸ್‌ಗೆ ನುಗ್ಗಿದಾಗ ಅಯಾನ್ ಅಣುವಿನಿಂದ ಹೈಡ್ರೋಜನ್ ಕಿತ್ತುಕೊಂಡು 165 ಹೆಚ್ಚಾಗುವುದೂ ಉಂಟು. ಯಾವುದಾದರೂ ಕಾರಣ ಒಂದೇ, ವಿಪರೀತ ಹಾಕಿದ್ದೀರಿ. 164 ಕತ್ತರಿಸಿಹೋದರೆ ಉಳಿದ ಅಯಾನ್‌ಗಳೆಲ್ಲ ಇದ್ದುದಕ್ಕಿಂತ ಎತ್ತರ ಕಾಣುತ್ತವೆ. ಎರಡು ಐಸೋಮರ್‌ಗಳ ನಡುವೆ ಇದ್ದ ಸಣ್ಣ ವ್ಯತ್ಯಾಸ ಏನಿತ್ತೋ ಅದೂ ಅಲ್ಲಿಗೆ ಅಳಿಸಿಹೋಯಿತು. ಇಂಥ ಸ್ಪೆಕ್ಟ್ರಮ್‌ನಿಂದ ಬಂದ 938 ಮತ್ತು 931ನ್ನು ನಾನು ಹೋಲಿಸುವುದೇ ಇಲ್ಲ.

ಆಕಾರವೂ ಅದನ್ನೇ ಹೇಳುತ್ತದೆ. ಎಡಕ್ಕೆ ಓರೆ, ಬಲಕ್ಕೆ ಕಡಿದು ಬಿದ್ದಂತೆ ಇದ್ದರೆ ಕಾಲಮ್‌ಗೆ ಹೊರೆ ಹೆಚ್ಚಾಗಿದೆ. ಹಾಗೆ ಆದಾಗ ಪೀಕ್‌ನ ತುದಿ ಮುಂದಕ್ಕೆ ಜಾರುತ್ತದೆ, ಅಂದರೆ ತಡವಾಗಿ ಬಂದಂತೆ ಕಾಣುತ್ತದೆ. ಎರಡು ಆಲ್ಕೇನ್‌ಗಳ ನಡುವೆ ಪೀಕ್ ಎಲ್ಲಿ ಬಂತು ಅಂತ ಹೇಳುವ ರಿಟೆನ್ಷನ್ ಇಂಡೆಕ್ಸನ್ನು ಈಗಿನ ಸಮಯದಲ್ಲಿ ಲೆಕ್ಕ ಹಾಕಿದರೆ:

```
RI = 1300 + 100 × (17.93 − 16.30) / (18.50 − 16.30)
   = 1374
```

ಈ ಬಗೆಯ ಕಾಲಮ್‌ನಲ್ಲಿ ಯುಜೆನಾಲ್ 1356ರ ಆಸುಪಾಸು ಬರುತ್ತದೆ. ನಿಮ್ಮದು 18 ಹೆಚ್ಚು. ಆದರೆ ಈಗಲೇ ಇದನ್ನು ಹಿಡಿದು ಯುಜೆನಾಲ್ ಅಲ್ಲ ಅಂತ ಹೇಳಬೇಡಿ. ಆ 18ರಲ್ಲಿ ಹೊರೆಯ ಪಾಲು ಎಷ್ಟು ಅಂತ ಗೊತ್ತಿಲ್ಲ. ಎಣ್ಣೆಯನ್ನು ಸಾವಿರ ಪಟ್ಟು ತೆಳು ಮಾಡಿ, ಸ್ಪ್ಲಿಟ್ 1:50 ಇಟ್ಟು ಮತ್ತೆ ಹಾಕಿ.

ಕರಾವಳಿ_ಟೆಸ್ಟಿಂಗ್

ಸರ್, ಗೌರವದಿಂದಲೇ ಹೇಳುವುದು, 18 ಯೂನಿಟ್ ಅಂದರೆ ಎಂತ ದೊಡ್ಡದು? ಪೇಪರ್‌ನಿಂದ ಪೇಪರ್‌ಗೆ ಯುಜೆನಾಲ್‌ನ ಇಂಡೆಕ್ಸ್ ಅಷ್ಟು ಆಚೀಚೆ ಇರುವುದನ್ನು ನಾನೇ ನೋಡಿದ್ದೇನೆ. ಕಾಲಮ್ ಹಳತಾದರೆ, ಕಂಪನಿ ಬದಲಾದರೆ, ರ‍್ಯಾಂಪ್ ಬದಲಾದರೆ ಅದೂ ಬದಲು. ಅಂಥದ್ದನ್ನು ನಂಬಿ 938ರ ಹಿಟ್ ಬಿಡುವುದು ಸರಿ ಕಾಣುವುದಿಲ್ಲ.

ಹಳೇ_ಅನಾಲಿಸ್ಟ್

ಪುಸ್ತಕದ ಸಂಖ್ಯೆಗೆ ಹೋಲಿಸುವುದಾದರೆ ನಿಮ್ಮ ಮಾತು ಸರಿ. 18ರ ಅಂತರ ಅನುಮಾನ ಹುಟ್ಟಿಸಲಿಕ್ಕೆ ಸಾಕು, ತೀರ್ಪಿಗೆ ಸಾಲದು. ಅದಕ್ಕೆ ಪುಸ್ತಕ ಬಿಟ್ಟು ಅದೇ ಮೆಷಿನ್‌ನಲ್ಲಿ ಅದೇ ದಿನ ಯುಜೆನಾಲನ್ನೇ ಓಡಿಸಿ ನೋಡಬೇಕು. ಒಂದೇ ಮೆಷಿನ್, ಒಂದೇ ದಿನ, ಒಂದೇ ಮೆಥಡ್ ಅಂದರೆ ಸಮಯ ಸೆಕೆಂಡಿನೊಳಗೆ ಕೂಡಿಬರಬೇಕು. ಅಲ್ಲಿ 18 ಯೂನಿಟ್ ಅಂದರೆ ದೊಡ್ಡ ಅಂತರ.

ಯುಜೆನಾಲ್ ಸ್ಟ್ಯಾಂಡರ್ಡ್‌ಗೆ ಕಾಯಬೇಕೆಂದಿಲ್ಲ ಪ್ರತೀಕ್ಷಾ. ಅಂಗಡಿಯಿಂದ ಲವಂಗ ತಂದು ಅದೇ ಕ್ಲೆವೆಂಜರ್‌ನಲ್ಲಿ ಎಣ್ಣೆ ತೆಗೆಯಿರಿ. ಲವಂಗದ ಎಣ್ಣೆಯಲ್ಲಿ ಬಹುಪಾಲು ಯುಜೆನಾಲೇ. ಜೊತೆಗೆ ಬೀಟಾ-ಕ್ಯಾರಿಯೋಫಿಲೀನ್ ಇರುತ್ತದೆ, ಅದು ನಿಮ್ಮ ವೀಳ್ಯದೆಲೆಯಲ್ಲೂ ಇರುವ ಸಂಭವ ಹೆಚ್ಚು. ಎರಡು ಎಣ್ಣೆಗಳಲ್ಲೂ ಕ್ಯಾರಿಯೋಫಿಲೀನ್ ಒಂದೇ ಸಮಯಕ್ಕೆ ಬಂದು, ಫೀನಾಲ್ ಮಾತ್ರ ಬೇರೆ ಸಮಯಕ್ಕೆ ಬಂದರೆ ಮೆಷಿನ್ ಜಾರಿತು ಅಂತ ಯಾರೂ ಹೇಳುವ ಹಾಗಿಲ್ಲ.

ಓಡಿಸುವ ಕ್ರಮ ನೆನಪಿಡಿ. ಮೊದಲು ಹೆಕ್ಸೇನ್ ಬ್ಲ್ಯಾಂಕ್, ಮತ್ತೆ ವೀಳ್ಯದೆಲೆ, ಆಮೇಲೆ ಲವಂಗ, ಕೊನೆಗೆ ಎರಡನ್ನೂ ಬೆರೆಸಿ ಒಂದು. ಲವಂಗ ಮೊದಲು ಹಾಕಿದರೆ ಸಿರಿಂಜ್‌ನಲ್ಲೋ ಲೈನರ್‌ನಲ್ಲೋ ಉಳಿದ ಯುಜೆನಾಲ್ ಮುಂದಿನ ರನ್‌ನಲ್ಲಿ ಬಂದು ಕೂರುತ್ತದೆ.

ಮಲ್ಪೆ_ಮೀನೆಣ್ಣೆ

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಮ್ಮದೂ ಇದೇ ಕಥೆ. ಬೂತಾಯಿ ಎಣ್ಣೆಯನ್ನು ಮೀಥೈಲ್ ಎಸ್ಟರ್ ಮಾಡಿ ಹಾಕಿದರೆ ಒಂದೇ ಪೀಕ್‌ಗೆ ಒಮ್ಮೆ 9-ಆಕ್ಟಾಡೆಸಿನೋಯಿಕ್ ಬರುತ್ತದೆ, ಮತ್ತೊಮ್ಮೆ 11, ಇನ್ನೊಮ್ಮೆ 8. ಎಲ್ಲದಕ್ಕೂ 930ರ ಮೇಲೆ. ನಾವು ಬಂದ ಹಾಗೆ ಬರೆಯುತ್ತಾ ಇದ್ದೆವು. ಬ್ಯಾಚ್‌ನಿಂದ ಬ್ಯಾಚ್‌ಗೆ ಎಣ್ಣೆ ಬದಲಾಗುತ್ತದೆ ಅಂತ ಖರೀದಿಯವರ ತಕರಾರು. ಇದಕ್ಕೂ ಇಂಡೆಕ್ಸ್ ಸಾಕಾ?

ಹಳೇ_ಅನಾಲಿಸ್ಟ್

ಎಣ್ಣೆ ಬದಲಾಗಿರಲಿಕ್ಕಿಲ್ಲ, ಹಿಟ್ ಪಟ್ಟಿಯ ಮೊದಲ ಸಾಲು ಬದಲಾಗಿದೆ. 70 ಇವಿಯಲ್ಲಿ ಹೊಡೆದಾಗ ಆ ಜೋಡಿಬಂಧ ಸರಪಳಿಯ ಉದ್ದಕ್ಕೂ ಸರಿದಾಡುತ್ತದೆ, ಹಾಗಾಗಿ ಮೊದಲು ಎಲ್ಲಿತ್ತು ಎಂಬ ಗುರುತು ಸ್ಪೆಕ್ಟ್ರಮ್‌ನಲ್ಲಿ ಉಳಿಯುವುದಿಲ್ಲ. 9ನೆಯದೋ 11ನೆಯದೋ ಅಂತ ಅಂಕ ನೋಡಿ ಹೇಳುವುದು ಸಾಧ್ಯವೇ ಇಲ್ಲ. ಪೋಲಾರ್ ಕಾಲಮ್ ಹಾಕಿ ಫ್ಯಾಟಿ ಆಸಿಡ್ ಎಸ್ಟರ್‌ಗಳ ಸ್ಟ್ಯಾಂಡರ್ಡ್ ಮಿಶ್ರಣದ ಜೊತೆ ಸಮಯ ಹೋಲಿಸಿ. ಒಂದೇ ಜೋಡಿಬಂಧ ಇರುವವಕ್ಕೆ ಡೈಮೀಥೈಲ್ ಡೈಸಲ್ಫೈಡ್ ಸೇರಿಸುವ ಕ್ರಮವೂ ಉಂಟು. ಆಗ ಬಂಧ ಇದ್ದ ಜಾಗದಲ್ಲೇ ಅಣು ಒಡೆಯುತ್ತದೆ, ಎರಡು ತುಂಡುಗಳ ತೂಕ ನೋಡಿದರೆ ಜಾಗ ಗೊತ್ತಾಗುತ್ತದೆ. ನಿಮ್ಮದಕ್ಕೆ ಬೇರೆ ಎಳೆ ತೆರೆಯಿರಿ, ಅಲ್ಲಿ ವಿವರವಾಗಿ ಮಾತಾಡುವ.

ಪ್ರತೀಕ್ಷಾ_ಉಡುಪಿ

ಸರ್, ಎಲ್ಲ ಹೇಳಿದ ಕ್ರಮದಲ್ಲೇ ಓಡಿಸಿದೆ. ಬ್ಲ್ಯಾಂಕ್ ಚೊಕ್ಕ ಇತ್ತು. ಆಲ್ಕೇನ್ ಮತ್ತೆ ಹಾಕಿದೆ, C13 ಮತ್ತು C14 ಹಿಂದಿನ ಸಮಯಕ್ಕೇ ಬಂದವು.

ತೆಳು ಮಾಡಿದ ವೀಳ್ಯದೆಲೆಯ ಪೀಕ್ ಈಗ ಎರಡೂ ಬದಿ ಸಮ ಉಂಟು. ಸಮಯ 17.93ರಿಂದ 17.86ಕ್ಕೆ ಇಳಿಯಿತು, ಇಂಡೆಕ್ಸ್ 1371. 165 ಈಗ 11ಕ್ಕೆ ಬಂತು. ಮತ್ತೆ ಸರ್ಚ್ ಹಾಕಿದರೆ ಹಿಟ್‌ಗಳ ಕ್ರಮವೇ ತಿರುಗಿಬಿಟ್ಟಿದೆ! ಚಾವಿಬೆಟಾಲ್ 944, ಯುಜೆನಾಲ್ 940.

ಲವಂಗದ ಯುಜೆನಾಲ್ 17.55ಕ್ಕೆ ಬಂತು, ಇಂಡೆಕ್ಸ್ 1357. ಕ್ಯಾರಿಯೋಫಿಲೀನ್ ಎರಡು ಎಣ್ಣೆಯಲ್ಲೂ 18.91. ಬೆರೆಸಿ ಹಾಕಿದ್ದರಲ್ಲಿ 17.55 ಮತ್ತು 17.86 ಎರಡು ಬೇರೆ ಪೀಕ್, ನಡುವೆ ಬೇಸ್‌ಲೈನ್‌ವರೆಗೆ ಇಳಿಯುತ್ತದೆ. ಬರೀ 17.86ರ ಸ್ಪೆಕ್ಟ್ರಮ್ ಮತ್ತು ಬರೀ 17.55ರ ಸ್ಪೆಕ್ಟ್ರಮ್ ಪಕ್ಕಪಕ್ಕ ಇಟ್ಟು ನೋಡಿದೆ. ಯಾವುದು ಯಾವುದೆಂದು ಹೆಸರು ಮುಚ್ಚಿ ಕೇಳಿದರೆ ನನಗೆ ಹೇಳಲಿಕ್ಕೆ ಬರುವುದಿಲ್ಲ.

ಇನ್ನೊಂದು. ವೀಳ್ಯದೆಲೆಯ ತೆಳು ರನ್‌ನಲ್ಲಿ 164 ಅಯಾನ್ ಮಾತ್ರ ಎಳೆದು ನೋಡಿದರೆ 17.55ರಲ್ಲೂ ಒಂದು ಸಣ್ಣ ಪೀಕ್ ಉಂಟು. ಇದು ಲವಂಗಕ್ಕಿಂತ ಮೊದಲೇ ಓಡಿಸಿದ ರನ್.

ಹಳೇ_ಅನಾಲಿಸ್ಟ್

ಬಹಳ ಚೆನ್ನಾಗಿ ಮಾಡಿದ್ದೀರಿ. ಆ ಸಣ್ಣ ಪೀಕ್ ಮೊದಲಿನ ರನ್‌ನಲ್ಲಿ ಕಾಣದೇ ಇದ್ದದ್ದು ಯಾಕೆ ಗೊತ್ತಾ? ದೊಡ್ಡ ಪೀಕ್‌ನ ಎಡಬದಿಯ ಓರೆ ಅದನ್ನು ನುಂಗಿಕೊಂಡಿತ್ತು. ಬ್ಲ್ಯಾಂಕ್ ಚೊಕ್ಕ ಇತ್ತು, ಲವಂಗ ಇನ್ನೂ ಹಾಕಿರಲಿಲ್ಲ, ಸಮಯ ಲವಂಗದ ಯುಜೆನಾಲ್‌ಗೆ ಕೂಡುತ್ತದೆ. ನಿಮ್ಮ ಎಲೆಯಲ್ಲಿ ಯುಜೆನಾಲ್ ಇದೆ, ಆದರೆ ಸ್ವಲ್ಪ. ದೊಡ್ಡದು ಬೇರೆಯೇ.

ಹಿಟ್ ಕ್ರಮ ತಿರುಗಿತು ಅಂತ ಖುಷಿಪಡಬೇಡಿ. 938 ಮತ್ತು 931ಕ್ಕೆ ಬೆಲೆ ಇಲ್ಲದಿದ್ದರೆ 944 ಮತ್ತು 940ಕ್ಕೂ ಇಲ್ಲ. ನಾಳೆ ಟ್ಯೂನ್ ಮಾಡಿದರೆ ಮತ್ತೆ ತಿರುಗೀತು. ದೊಡ್ಡ ಪೀಕ್ ಯುಜೆನಾಲ್ ಅಲ್ಲ ಅನ್ನುವುದಕ್ಕೆ ನಿಮ್ಮ ಕೈಯಲ್ಲಿರುವ ಸಾಕ್ಷಿ ಬೆರೆಸಿ ಹಾಕಿದ ರನ್. ಅದರಲ್ಲಿ ಎರಡು ಪೀಕ್ ಬಂತು, ಅಲ್ಲಿಗೆ ಆ ವಿಷಯ ಮುಗಿಯಿತು. ಒಂದೇ ಪೀಕ್ ಬಂದಿದ್ದರೆ ಮಾತ್ರ ಕಷ್ಟ ಇತ್ತು, ಯಾಕೆಂದರೆ ಎರಡು ಬೇರೆ ವಸ್ತುಗಳು ಒಂದೇ ಸಮಯಕ್ಕೆ ಬರುವುದೂ ಉಂಟು.

ಕರಾವಳಿ_ಟೆಸ್ಟಿಂಗ್

ಈ ಎರಡು ಪೀಕ್‌ನ ರನ್‌ಗೆ ನನ್ನ ಹತ್ತಿರ ಉತ್ತರ ಇಲ್ಲ, ಒಪ್ಪಿದೆ. ಹಾಗಾದರೆ ಇನ್ನು ಚಾವಿಬೆಟಾಲ್ ಅಂತ ಬರೆಯಬಹುದಲ್ಲ? ಯುಜೆನಾಲ್ ಹೋಯಿತು, ಉಳಿದದ್ದು ಅದೇ.

ನಾಗವೇಣಿ_ಮಣಿಪಾಲ

ಉಳಿದದ್ದು ಅದೇ ಅನ್ನುವುದು ಲೈಬ್ರರಿಯ ಪಟ್ಟಿಯೊಳಗೆ ಮಾತ್ರ ನಿಜ. ಅಲೈಲ್ ಗುಂಪು ರಿಂಗ್‌ನ ಇನ್ನೊಂದು ಜಾಗದಲ್ಲಿರುವ ಮೆಥಾಕ್ಸಿಫೀನಾಲ್‌ಗಳೂ ಉಂಟು, ಅವುಗಳ ಸ್ಪೆಕ್ಟ್ರಮ್ ನಿಮ್ಮ ಲೈಬ್ರರಿ ಆವೃತ್ತಿಯಲ್ಲಿ ಇದೆಯೋ ಇಲ್ಲವೋ. ವೀಳ್ಯದೆಲೆಯಲ್ಲಿ ಚಾವಿಬೆಟಾಲ್ ಇರುವುದು ಮೊದಲೇ ಗೊತ್ತಿರುವ ವಿಷಯ, ಯುಜೆನಾಲ್‌ಗಿಂತ ತುಸು ತಡವಾಗಿ ಬಂದಿದೆ, ಸ್ಪೆಕ್ಟ್ರಮ್ ಕೂಡುತ್ತದೆ. ಇಷ್ಟರಿಂದ ಚಾವಿಬೆಟಾಲ್ ಅನ್ನುವುದು ಒಳ್ಳೆಯ ಊಹೆ. ಸಾಬೀತಾದದ್ದಲ್ಲ. ಮೆಟಬಲೋಮಿಕ್ಸ್‌ನವರು 2007ರಲ್ಲಿ ವಸ್ತು ಗುರುತಿಸುವುದಕ್ಕೆ ಮಾಡಿಕೊಂಡ ಹಂತಗಳ ಪ್ರಕಾರ ಮೊದಲ ಹಂತಕ್ಕೆ ಶುದ್ಧ ಸ್ಟ್ಯಾಂಡರ್ಡ್ ಅದೇ ಲ್ಯಾಬ್‌ನಲ್ಲಿ ಓಡಿಸಿ ಎರಡು ಬೇರೆ ಬೇರೆ ಗುಣ ಕೂಡಿಬರಬೇಕು. ನಿಮ್ಮ ಯುಜೆನಾಲ್ ಲವಂಗದ ಎಣ್ಣೆಯ ಜೊತೆ ಹೋಲಿಸಿದ್ದು, ಕಟ್ಟುನಿಟ್ಟಾಗಿ ನೋಡಿದರೆ ಅದೂ ಶುದ್ಧ ಸ್ಟ್ಯಾಂಡರ್ಡ್ ಅಲ್ಲ. ಚಾವಿಬೆಟಾಲ್ ಎರಡನೇ ಹಂತ.

ಆದರೆ ನಿಮಗೊಂದು ಅನುಕೂಲ ಉಂಟು. ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ ವಸ್ತು. ಕ್ಷಾರದಲ್ಲಿ ಕಲಕಿ ಫೀನಾಲ್ ಬೇರೆ ಮಾಡಿ, ಆಮ್ಲ ಹಾಕಿ ವಾಪಸ್ ತೆಗೆದು, ಪ್ರೋಟಾನ್ ಎನ್‌ಎಂಆರ್ ಮತ್ತು ನೋಯೆಸಿ ಮಾಡಿಸಿ. ಮೆಥಾಕ್ಸಿಯ ಪಕ್ಕ ಯಾವ ಹೈಡ್ರೋಜನ್ ಕೂತಿದೆ ಅಂತ ನೋಡುವುದು. ಯುಜೆನಾಲ್ ಆದರೆ ಮೆಥಾಕ್ಸಿಗೂ ಅಲೈಲ್‌ಗೂ ನಡುವೆ ಸಿಕ್ಕಿಕೊಂಡ ಒಂಟಿ ಹೈಡ್ರೋಜನ್, ಅದರ ಕಪ್ಲಿಂಗ್ 2 ಹರ್ಟ್ಸ್‌ನಷ್ಟು ಸಣ್ಣದು. ಚಾವಿಬೆಟಾಲ್ ಆದರೆ ಪಕ್ಕದಲ್ಲಿ ಜೊತೆಗಾರ ಇರುವ ಹೈಡ್ರೋಜನ್, ಕಪ್ಲಿಂಗ್ 8 ಹರ್ಟ್ಸ್‌ನ ಹತ್ತಿರ. ಮೆಥಾಕ್ಸಿಯ ಸಿಗ್ನಲ್ ಇವುಗಳಲ್ಲಿ ಯಾವುದಕ್ಕೆ ಕೈ ಚಾಚುತ್ತದೆ ಅಂತ ಕಂಡರೆ ಪ್ರಶ್ನೆ ತೀರಿತು.

ತೋಟದಮನೆ_ಬೆಳ್ತಂಗಡಿ

ಈಗ ಸ್ವಲ್ಪ ತಲೆಗೆ ಹೋಯಿತು. ನಮ್ಮಲ್ಲಿ ಎರಡು ಬಗೆಯ ಬಳ್ಳಿ ಉಂಟು, ಒಂದರ ಎಲೆ ಲವಂಗದ ಹಾಗೆ ಘಾಟು, ಮತ್ತೊಂದು ಅಷ್ಟಿಲ್ಲ. ಎಲೆ ಕಳಿಸಿಕೊಟ್ಟರೆ ಯಾವುದರಲ್ಲಿ ಯಾವುದು ಹೆಚ್ಚು ಅಂತ ನೋಡಬಹುದಾ ಮಾರಾಯ್ರೆ? ಬಸ್ಸಿಗೆ ಹಾಕಿದರೆ ಮಧ್ಯಾಹ್ನದೊಳಗೆ ಉಡುಪಿಗೆ ಬರುತ್ತದೆ.

ಪ್ರತೀಕ್ಷಾ_ಉಡುಪಿ

ಖಂಡಿತ ಕಳಿಸಿ ಅಣ್ಣ. ಬಳ್ಳಿ ಬೇರೆ ಬೇರೆ ಅಂತ ಚೀಟಿ ಅಂಟಿಸಿ, ಎಲೆ ಒದ್ದೆ ಬಟ್ಟೆಯಲ್ಲಿ ಸುತ್ತಿ.

ನಾಗವೇಣಿ ಮೇಡಂ, ಎನ್‌ಎಂಆರ್‌ಗೆ ಸರತಿ ಉಂಟು, ಅದು ಬರುವ ಮೊದಲು ಪ್ರಾಜೆಕ್ಟ್ ಒಪ್ಪಿಸಬೇಕು. ಟೇಬಲ್‌ನಲ್ಲಿ ಹೇಗೆ ಬರೆಯಲಿ? ಗೈಡ್‌ಗೆ ಬೆರೆಸಿದ ರನ್‌ನ ಪ್ರಿಂಟ್ ತೋರಿಸಿದೆ. ನೋಡಿದರು, ಆದರೆ ಹಿಂದಿನ ಪೇಪರ್‌ಗಳಲ್ಲಿ ಯುಜೆನಾಲ್ ಅಂತ ಇದೆಯಲ್ಲ ಅನ್ನುವ ಮಾತು ಬಿಡುತ್ತಿಲ್ಲ.

ನಾಗವೇಣಿ_ಮಣಿಪಾಲ

ಹಿಂದಿನ ಪೇಪರ್‌ಗಳಲ್ಲಿ ಚಾವಿಬೆಟಾಲ್ ಅಂತ ಬರೆದವೂ ಇವೆ, ಯುಜೆನಾಲ್ ಅಂತ ಬರೆದವೂ ಇವೆ. ತಳಿಯಿಂದ ತಳಿಗೆ ನಿಜವಾಗಿಯೇ ಬದಲಾಗುತ್ತದೆ. ಹಾಗಾಗಿ ಅವರದ್ದು ತಪ್ಪು ಅಂತ ಹೇಳಲಿಕ್ಕೆ ಹೋಗಬೇಡಿ. ಪ್ರತಿಯೊಂದು ಪೇಪರ್ ತೆಗೆದು, ಗುರುತಿಸಿದ್ದು ಹೇಗೆ ಅಂತ ನೋಡಿ. ಸ್ಟ್ಯಾಂಡರ್ಡ್ ಜೊತೆಗೆ ಓಡಿಸಿದ್ದಾರಾ, ಇಂಡೆಕ್ಸ್ ಕೊಟ್ಟಿದ್ದಾರಾ, ಬರೀ ಲೈಬ್ರರಿಯಾ? ಬರೀ ಲೈಬ್ರರಿ ಆದರೆ ಈ ಎರಡರ ನಡುವೆ ಆ ಪೇಪರ್ ಸಾಕ್ಷಿ ಆಗುವುದಿಲ್ಲ. ಇದನ್ನು ಗೈಡ್ ಮುಂದೆ ಇಟ್ಟರೆ ಅವರಿಗೂ ಯೋಚಿಸಲಿಕ್ಕೆ ಅವಕಾಶ.

ಟೇಬಲ್‌ನಲ್ಲಿ ಇಂಡೆಕ್ಸ್ 1371, ಹೆಸರು ಚಾವಿಬೆಟಾಲ್, ಪಕ್ಕದಲ್ಲಿ "ತಾತ್ಕಾಲಿಕ ಗುರುತು: ಸ್ಪೆಕ್ಟ್ರಮ್ ಮತ್ತು ಇಂಡೆಕ್ಸ್ ಆಧಾರ, ಯುಜೆನಾಲ್ ಅಲ್ಲವೆಂದು ಲವಂಗದ ಎಣ್ಣೆಯೊಂದಿಗೆ ಬೆರೆಸಿ ಖಚಿತಪಡಿಸಿದೆ" ಅಂತ ಬರೆಯಿರಿ. 1357ರ ಸಾಲಿಗೆ ಯುಜೆನಾಲ್. ಮ್ಯಾಚ್ ಸಂಖ್ಯೆ ಕೊಡುವುದಾದರೆ ಎರಡನೇ ಹಿಟ್‌ನದ್ದನ್ನೂ ಕೊಡಿ.

ಹಳೇ_ಅನಾಲಿಸ್ಟ್

ನನಗೆ ಇಲ್ಲಿ ಸ್ವಲ್ಪ ಭಿನ್ನಾಭಿಪ್ರಾಯ. ಹೆಸರಿನ ಜಾಗದಲ್ಲಿ ಚಾವಿಬೆಟಾಲ್ ಅಂತ ಹಾಕಿದರೆ ಮುಂದಿನವರು ಪಕ್ಕದ ಟಿಪ್ಪಣಿ ಬಿಟ್ಟು ಹೆಸರು ಮಾತ್ರ ಎತ್ತಿಕೊಂಡು ಹೋಗುತ್ತಾರೆ. ಎನ್‌ಎಂಆರ್ ಬರುವವರೆಗೆ ನಾನಾದರೆ "ಅಲೈಲ್-ಮೆಥಾಕ್ಸಿಫೀನಾಲ್ ಐಸೋಮರ್, ಯುಜೆನಾಲ್ ಅಲ್ಲ" ಅಂತಲೇ ಹೆಸರಿನ ಕಾಲಮ್‌ನಲ್ಲಿ ಬರೆಯುತ್ತೇನೆ.

ನಾಗವೇಣಿ_ಮಣಿಪಾಲ

ವೀಳ್ಯದೆಲೆಯಂಥ ಚೆನ್ನಾಗಿ ಗೊತ್ತಿರುವ ಸಸ್ಯಕ್ಕೆ ಅದು ಅತಿಯಾಯಿತು ಅಂತ ನನಗೆ ಕಾಣುತ್ತದೆ ಸರ್. ಗೊತ್ತಿಲ್ಲದ ಕಾಡುಗಿಡ ಆಗಿದ್ದರೆ ನಿಮ್ಮ ಮಾತು ಒಪ್ಪುತ್ತಿದ್ದೆ.

ಪ್ರತೀಕ್ಷಾ_ಉಡುಪಿ

ಎರಡನ್ನೂ ಬರೆದು ಗೈಡ್ ಮುಂದೆ ಇಡುತ್ತೇನೆ. ಬೆಳ್ತಂಗಡಿಯ ಎಲೆ ಬಂದ ಮೇಲೆ ಅದನ್ನು ಶುರುವಿನಿಂದಲೇ ಸಾವಿರ ಪಟ್ಟು ತೆಳು ಮಾಡಿ, ಲವಂಗಕ್ಕಿಂತ ಮೊದಲು ಓಡಿಸಿ, 17.55 ಮತ್ತು 17.86ರ ಏರಿಯಾ ಎರಡನ್ನೂ ಇಲ್ಲೇ ಹಾಕುತ್ತೇನೆ.